ಪೈಪಿನ ತಾರೀಖು ಇನ್ನೂ ಮುಗಿದಿಲ್ಲ, ಆದರೂ ಗ್ಯಾಸ್ ವಾಸನೆ: ಪೈಪ್ ಬದಲಿಸಬೇಕಾ, ರೆಗ್ಯುಲೇಟರ್ ಬದಲಿಸಬೇಕಾ?

ಜೇವರ್ಗಿ ಕ್ರಾಸ್ ಮನೆ (ಕಲಬುರಗಿ)
ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ಬೇರೆ ಬಾಡಿಗೆ ಮನೆಗೆ ಬಂದಿದ್ದೇವೆ. ಅಡುಗೆ ಕಟ್ಟೆಗೆ ಶಹಾಬಾದ್ ಫರಸಿ ಹಾಕಿದ್ದಾರೆ. ಸಿಲಿಂಡರ್ ಕಟ್ಟೆಯ ಕೆಳಗಿನ ಕಪಾಟಿನಲ್ಲಿದೆ. ಫರಸಿಗೆ ಒಂದು ತೂತು ಕೊರೆದು ಅದರಿಂದ ಪೈಪ್ ಮೇಲಕ್ಕೆ ತಂದಿದ್ದಾರೆ. ಪೈಪ್ ಮನೆಯಲ್ಲೇ ಇತ್ತು, ಹಿಂದಿನವರು ಬಿಟ್ಟು ಹೋಗಿದ್ದು.

ನಿನ್ನೆ ಸಿಲಿಂಡರ್ ಖಾಲಿಯಾಗಿ ಹೊಸದು ಹಾಕಿಸಿದೆವು. ಆಮೇಲಿಂದ ಒಲೆ ಹಚ್ಚಿದಾಗ ಕಪಾಟಿನ ಹತ್ತಿರ ಸಣ್ಣಗೆ ವಾಸನೆ ಬರುತ್ತಿದೆ. ರೆಗ್ಯುಲೇಟರ್ ಬಂದ್ ಮಾಡಿದರೆ ಸ್ವಲ್ಪ ಹೊತ್ತಿಗೆ ಹೋಗುತ್ತೆ.

ಪೈಪ್ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್. ಐಎಸ್ಐ ಗುರುತು ಇದೆ, 03/2022 ಅಂತ ಅಚ್ಚಿದೆ. ರೆಗ್ಯುಲೇಟರ್ ನಮ್ಮ ಅತ್ತೆಯವರ ಹಳೆ ಕನೆಕ್ಷನ್‌ದು. ಅದರ ಮೇಲೆ 2009 ಅಂತ ಇದೆ. ಮನೆ ಮಾಲಕರು "ಪೈಪಿಗೆ ಐದು ವರ್ಷ ಆಗಿಲ್ಲ, ಹಂಗಾದ್ರೆ ರೆಗ್ಯುಲೇಟರ್ರೇ ಕೆಟ್ಟಿದೆ, ಬಜಾರದಲ್ಲಿ ಒಂದು ತಂದು ಹಾಕಿ" ಅಂತಾರೆ. ಮನೆಯವರು ಡ್ಯೂಟಿ ಮೇಲೆ ಹೈದರಾಬಾದ್‌ನಲ್ಲಿದ್ದಾರೆ. ಮನೆಯಲ್ಲಿ ನಾನು, ಅತ್ತೆ, ಸಣ್ಣ ಮಗು. ನಾನೇ ಏನು ನೋಡಬಹುದು, ಯಾವುದನ್ನು ಮುಟ್ಟಬಾರದು ಹೇಳಿ.

ಬಿಸಿಲೂರು (ಯಾದಗಿರಿ)
ಅಕ್ಕಾವ್ರೆ, ಮಾಲಕರು ಹೇಳಿದ್ದು ಸರಿ. ಸುರಕ್ಷಾ ಪೈಪಿಗೆ ಐದು ವರ್ಷ ಬಾಳಿಕೆ. ಒಳಗೆ ಉಕ್ಕಿನ ತಂತಿ ಹೆಣೆದಿರುತ್ತಾರೆ, ಇಲಿ ಕಡಿದರೂ ಬೇಗ ಹರಿಯಲ್ಲ. ನಿಮ್ಮದು 2022ರದ್ದು, ಹೆದರಬೇಡಿ. 2009ರ ರೆಗ್ಯುಲೇಟರ್ ಮಾತ್ರ ತೆಗೆದುಬಿಡಿ. ಅಷ್ಟು ಹಳೆಯದನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೊಸದು ಹಾಕಿದರೆ ವಾಸನೆ ನಿಲ್ಲುತ್ತೆ.

ಬೀದರ್ ರಫೀಕ್
ತಾರೀಖು ನೋಡೋದು ಪೈಪಿನ ಮೇಲಲ್ಲ ಅಕ್ಕಾ. ಸಿಲಿಂಡರ್ ಹಿಡಿಕೆಯ ಕೆಳಗೆ ಮೂರು ಪಟ್ಟಿ ಇರುತ್ತವೆ ಅಲ್ವಾ, ಅದರಲ್ಲಿ ಒಂದರ ಒಳಬದಿಗೆ ಅಕ್ಷರ ಮತ್ತೆ ವರ್ಷ ಬರೆದಿರುತ್ತೆ. ಬಿ 27 ಅಂದರೆ 2027ರ ಜೂನ್ ಕೊನೆಯವರೆಗೆ. ಎ ಅಂದರೆ ಮಾರ್ಚ್, ಸಿ ಅಂದರೆ ಸೆಪ್ಟೆಂಬರ್, ಡಿ ಅಂದರೆ ಡಿಸೆಂಬರ್. ಅದು ಮುಗಿದಿದ್ದರೆ ಸಿಲಿಂಡರ್ ವಾಪಸ್ ಮಾಡಿ.

ಗ್ಯಾಸ್ ರಿಪೇರಿ ಶಹಾಪುರ
ರಫೀಕ್ ಭಾಯ್ ಹೇಳಿದ್ದು ನಿಜ, ಆದರೆ ಅದು ಸಿಲಿಂಡರನ್ನು ಮುಂದಿನ ಸಲ ಯಾವಾಗ ಪರೀಕ್ಷೆಗೆ ಕಳಿಸಬೇಕು ಅನ್ನೋ ಲೆಕ್ಕ. ಪೈಪಿಗೂ ರೆಗ್ಯುಲೇಟರಿಗೂ ಅದಕ್ಕೂ ಸಂಬಂಧ ಇಲ್ಲ. ಅಕ್ಕ ಕೇಳಿದ್ದು ಬೇರೆ.

ನಾನು ಏಜೆನ್ಸಿಗಳಿಗೆ ಒಲೆ, ಕನೆಕ್ಷನ್ ಕೆಲಸ ಮಾಡುವವನು. ಅಕ್ಕಾವ್ರೆ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ರೆಗ್ಯುಲೇಟರ್ ಬಂದ್ ಮಾಡಿದರೆ ವಾಸನೆ ಹೋಗುತ್ತೆ ಅಂದಿರಿ. ಸಿಲಿಂಡರ್ ಬಾಯಿಯೊಳಗೆ ಒಂದು ಪಿನ್ ಇರುತ್ತೆ. ರೆಗ್ಯುಲೇಟರ್ ಗುಂಡಿಯನ್ನು ಚಾಲೂ ಕಡೆ ತಿರುಗಿಸಿದಾಗ ಅದರ ಕಡ್ಡಿ ಕೆಳಗಿಳಿದು ಆ ಪಿನ್ ಒತ್ತುತ್ತೆ, ಆಗ ಗ್ಯಾಸ್ ಹೊರಗೆ ಬರುತ್ತೆ. ಬಂದ್ ಮಾಡಿದರೆ ಪಿನ್ ಮೇಲೆ ಬಂದು ಬಾಯಿ ಮುಚ್ಚಿಕೊಳ್ಳುತ್ತೆ. ಬಂದ್ ಇದ್ದಾಗಲೂ ವಾಸನೆ ಬಂದರೆ ಪಿನ್ ಸೋರುತ್ತಿದೆ, ಅದು ಸಿಲಿಂಡರಿನದೇ ದೋಷ. ಚಾಲೂ ಇದ್ದಾಗ ಮಾತ್ರ ಬಂದರೆ ಸೋರಿಕೆ ಪಿನ್‌ನಿಂದ ಈಚೆಗೆ. ಅಂದರೆ ಸಿಲಿಂಡರ್–ರೆಗ್ಯುಲೇಟರ್ ಕೂಡುವ ಜಾಗ, ರೆಗ್ಯುಲೇಟರ್ ಮೈ, ಪೈಪ್, ಇಲ್ಲವೇ ಒಲೆ. ಬಜಾರದಲ್ಲಿ ಏನೋ ಒಂದು ತರುವ ಮೊದಲು ಇವುಗಳಲ್ಲಿ ಯಾವುದು ಅಂತ ಕಂಡುಹಿಡಿಯಬೇಕು.

ಒಂದು ಮಾತು ಮೊದಲೇ. ವಾಸನೆ ಸಣ್ಣಗಿದ್ದರೆ ಮಾತ್ರ ನಾನು ಮುಂದೆ ಹೇಳೋದನ್ನು ಮಾಡಿ. ಜೋರಾಗಿದ್ದರೆ, ಇಲ್ಲವೇ ಸುಂಯ್ ಅಂತ ಶಬ್ದ ಕೇಳಿದರೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ ತೆಗೆಯಿರಿ, ದಾರದಲ್ಲಿ ಕಟ್ಟಿರುವ ಪ್ಲಾಸ್ಟಿಕ್ ಮುಚ್ಚಳವನ್ನು ಸಿಲಿಂಡರ್ ಬಾಯಿಗೆ ಒತ್ತಿ ಕೂರಿಸಿ, ಬಾಗಿಲು ತೆರೆದಿಟ್ಟು ಎಲ್ಲರೂ ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಲೈಟು, ಫ್ಯಾನು, ಕೂಲರ್ ಯಾವ ಸ್ವಿಚ್ಚನ್ನೂ ಹಾಕಲೂ ಬಾರದು, ತೆಗೆಯಲೂ ಬಾರದು. ನಮ್ಮ ಕಡೆ ಬೇಸಿಗೆಯಲ್ಲಿ ವಾಸನೆ ಓಡಿಸಬೇಕು ಅಂತ ಕೂಲರ್ ಹಾಕಲು ಹೋಗುತ್ತಾರೆ, ಅದೇ ಕಿಡಿ ಸಾಕು.

ಈಗ ಪರೀಕ್ಷೆ. ಕಪಾಟಿನ ಬಾಗಿಲು, ಅಡುಗೆ ಮನೆ ಬಾಗಿಲು ತೆರೆದಿಡಿ. ದೇವರ ದೀಪ, ಅಗರಬತ್ತಿ ಇದ್ದರೆ ಆರಿಸಿ. ಒಲೆಯ ಗುಂಡಿಗಳೆಲ್ಲ ಬಂದ್ ಇರಲಿ. ಬಟ್ಟಲಲ್ಲಿ ಸೋಪು ಕದಡಿ ದಪ್ಪ ನೊರೆ ಮಾಡಿಕೊಳ್ಳಿ. ರೆಗ್ಯುಲೇಟರ್ ಚಾಲೂ ಮಾಡಿ ನೊರೆಯನ್ನು ಬೆರಳಿಂದ ಹಚ್ಚುತ್ತಾ ಹೋಗಿ. ಮೊದಲು ರೆಗ್ಯುಲೇಟರ್ ಸಿಲಿಂಡರಿಗೆ ಕೂತ ಜಾಗದ ಸುತ್ತ. ಆಮೇಲೆ ರೆಗ್ಯುಲೇಟರ್ ಮೈಮೇಲೆ ಒಂದು ಸೂಜಿ ತೂತು ಇರುತ್ತೆ, ಹುಡುಕಿ, ಅದರ ಮೇಲೆ ಒಂದು ಪೊರೆಯಷ್ಟು ನೊರೆ ಸಾಕು. ಆಮೇಲೆ ಪೈಪಿನ ಎರಡೂ ತುದಿ, ನಡುವಿನ ಪೈಪ್. ಎಲ್ಲಿ ಗುಳ್ಳೆ ಒಂದರ ಹಿಂದೆ ಒಂದು ಏಳುತ್ತೋ ಅಲ್ಲಿ ಸೋರಿಕೆ. ಕಡ್ಡಿ ಗೀರಿ ನೋಡೋದು ಮಾತ್ರ ಎಂದಿಗೂ ಬೇಡ.

ಜೇವರ್ಗಿ ಕ್ರಾಸ್ ಮನೆ
ಆ ಸೂಜಿ ತೂತು ಯಾಕೆ ಅಣ್ಣಾವ್ರೆ? ಅದರಲ್ಲಿ ಗ್ಯಾಸ್ ಬರಲ್ವಾ? ಅತ್ತೆಯವರು ಅದಕ್ಕೆ ಮೇಣ ಮೆತ್ತೋಣ ಅಂತಿದ್ದಾರೆ.

ಗ್ಯಾಸ್ ರಿಪೇರಿ ಶಹಾಪುರ
ಮೆತ್ತಬೇಡಿ, ದಯವಿಟ್ಟು. ಸಿಲಿಂಡರ್ ಒಳಗೆ ಒತ್ತಡ ಬಹಳ. ಒಲೆಗೆ ಬೇಕಾಗಿರೋದು ತೀರಾ ಕಡಿಮೆ, 300 ಮಿಲಿಮೀಟರ್ ಎತ್ತರದ ನೀರು ಎಷ್ಟು ಒತ್ತುತ್ತೋ ಅಷ್ಟು. ಆ ಇಳಿಸುವ ಕೆಲಸ ಮಾಡೋದು ರೆಗ್ಯುಲೇಟರ್ ಒಳಗಿನ ಸ್ಪ್ರಿಂಗ್ ಮತ್ತು ಒಂದು ರಬ್ಬರ್ ಪರದೆ. ಪರದೆ ಮೇಲೆ ಕೆಳಗೆ ಆಡಬೇಕಾದರೆ ಅದರ ಮೇಲ್ಗಡೆ ಹೊರಗಿನ ಗಾಳಿ ಹೋಗಿ ಬರಬೇಕು. ಆ ತೂತು ಅದಕ್ಕೆ. ಮುಚ್ಚಿದರೆ ಒತ್ತಡದ ಲೆಕ್ಕ ತಪ್ಪುತ್ತೆ. ಪರದೆ ಗಟ್ಟಿ ಇರುವ ತನಕ ಅಲ್ಲಿಂದ ಗ್ಯಾಸ್ ಬರಲ್ಲ. ಅಲ್ಲಿ ಗುಳ್ಳೆ ಎದ್ದರೆ ಪರದೆ ಹರಿದಿದೆ ಅಂತ ಅರ್ಥ, ಆ ರೆಗ್ಯುಲೇಟರ್ ಅವತ್ತೇ ಏಜೆನ್ಸಿಗೆ ಹೋಗಬೇಕು.

ಇನ್ನೊಂದು ಪರೀಕ್ಷೆ ಇದೆ. ಸೋರಿಕೆ ಇಲ್ಲ ಅಂತ ಗೊತ್ತಾದ ಮೇಲೆ ಮಾಡಬೇಕು. ಒಂದು ಒಲೆ ಹಚ್ಚಿ, ಉರಿಯುತ್ತಿರುವಾಗಲೇ ರೆಗ್ಯುಲೇಟರ್ ಬಂದ್ ಮಾಡಿ. ಪೈಪಿನಲ್ಲಿ ಉಳಿದ ಗ್ಯಾಸ್ ತೀರಿ ಉರಿ ಕೆಲವೇ ಸೆಕೆಂಡಿನಲ್ಲಿ ಸಣ್ಣಗಾಗಿ ಆರಬೇಕು. ಆರದೇ ಸಣ್ಣಗೆ ಉರಿಯುತ್ತಲೇ ಇದ್ದರೆ ಬಂದ್ ಅನ್ನೋದು ಬಂದ್ ಆಗುತ್ತಿಲ್ಲ. ಗುಂಡಿ ಸಡಿಲ ತಿರುಗೋದು, ಬಾಯಿಗೆ ಹಾಕಿದಾಗ ಟಕ್ ಅಂತ ಕೂರದೆ ಅಲುಗಾಡೋದು, ಉರಿ ಒಮ್ಮೆಲೆ ಎತ್ತರಕ್ಕೆ ಹೋಗೋದು, ಇವೂ ರೆಗ್ಯುಲೇಟರ್ ತೆಗೆಯಬೇಕು ಅನ್ನೋ ಗುರುತೇ.

ಆಳಂದ ಅಕ್ಕ
ನಮ್ಮ ಮನೆಯಲ್ಲಿ ಇಲಿ ಕಾಟ ಜಾಸ್ತಿ. ತೊಗರಿ ರಾಶಿ ಮಾಡಿ ಚೀಲ ಮನೆಗೆ ಬಂದರೆ ಮುಗೀತು. ಹೋದ ವರ್ಷ ಹಳೆ ಹಸಿರು ರಬ್ಬರ್ ಪೈಪ್ ಕಡಿದು ಹಾಕಿದ್ದವು. ಈಗ ಸುರಕ್ಷಾ ಪೈಪ್ ಹಾಕಿಸಿ ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿದ್ದೇನೆ. ಎಣ್ಣೆ ಜಿಡ್ಡೂ ಅಂಟಲ್ಲ, ಇಲಿಗೂ ಹಲ್ಲು ತಾಗಲ್ಲ. ನೀವೂ ಹಾಗೆ ಮಾಡಿ ತಂಗಿ.

ಗ್ಯಾಸ್ ರಿಪೇರಿ ಶಹಾಪುರ
ಆಳಂದ ಅಕ್ಕಾವ್ರೆ, ಕವರ್ ಬಿಚ್ಚಿ. ಸುತ್ತಿದ ಮೇಲೆ ಒಳಗೆ ಪೈಪ್ ಸೀಳಿದರೂ ನಿಮಗೆ ಕಾಣಲ್ಲ, ತಾರೀಖೂ ಕಾಣಲ್ಲ. ಜಿಡ್ಡು ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಇಲಿಗೆ ಚೀಲಗಳನ್ನು ಅಡುಗೆ ಮನೆಯಿಂದ ದೂರ ಇಡೋದೇ ದಾರಿ.

ಜೇವರ್ಗಿ ಕ್ರಾಸ್ ಮನೆ
ಮಾಡಿ ನೋಡಿದೆ. ಸೂಜಿ ತೂತಿನಲ್ಲಿ ಏನೂ ಇಲ್ಲ. ಪೈಪಿನ ತುದಿಗಳಲ್ಲೂ ಇಲ್ಲ. ರೆಗ್ಯುಲೇಟರ್ ಸಿಲಿಂಡರಿಗೆ ಕೂತ ಜಾಗದಲ್ಲಿ ಒಂದು ಬದಿಗೆ ಸಣ್ಣ ಸಣ್ಣ ಗುಳ್ಳೆ ಏಳುತ್ತಲೇ ಇದ್ದವು. ಬಂದ್ ಮಾಡಿದೆ, ನಿಂತವು. ಮತ್ತೆ ಚಾಲೂ ಮಾಡಿದೆ, ಮತ್ತೆ ಬಂದವು. ತಕ್ಷಣ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿದ್ದೇನೆ.

ಬಿಸಿಲೂರು
ನಾನು ಹೇಳಿದೆ ಅಲ್ವಾ, ರೆಗ್ಯುಲೇಟರ್ ಅಂತ.

ಗ್ಯಾಸ್ ರಿಪೇರಿ ಶಹಾಪುರ
ಅಲ್ಲ ತಮ್ಮಾ, ಇನ್ನೂ ನಿಲ್ಲು. ಅದೇ ರೆಗ್ಯುಲೇಟರ್ ಮೊನ್ನೆವರೆಗೆ ಹಳೆ ಸಿಲಿಂಡರ್ ಮೇಲೆ ಸುಮ್ನೆ ಕೂತಿತ್ತು, ವಾಸನೆ ಇರಲಿಲ್ಲ. ಬದಲಾಗಿದ್ದು ಸಿಲಿಂಡರ್. ಸಿಲಿಂಡರ್ ಬಾಯಿಯ ಒಳಗೆ ಒಂದು ಕಪ್ಪು ರಬ್ಬರ್ ಬಳೆ ಇರುತ್ತೆ, ನಾವು ಓ-ರಿಂಗ್ ಅಂತೀವಿ. ರೆಗ್ಯುಲೇಟರ್ ಮೂತಿ ಅದರೊಳಗೆ ಬಿಗಿಯಾಗಿ ಕೂತು ಗ್ಯಾಸ್ ಪಕ್ಕಕ್ಕೆ ಜಾರದಂತೆ ತಡೆಯೋದು ಆ ಬಳೆಯೇ. ಅದು ಸವೆದಿದ್ದರೆ, ಸೀಳಿದ್ದರೆ, ಇಲ್ಲವೇ ಬಿದ್ದೇ ಹೋಗಿದ್ದರೆ ಚಾಲೂ ಮಾಡಿದಾಗ ಮಾತ್ರ ಸೋರುತ್ತೆ. ನೀವು ಕಂಡಿದ್ದು ಅದೇ ಲಕ್ಷಣ. ರೆಗ್ಯುಲೇಟರ್ ಮೂತಿಯ ಮೇಲೆ ಗೀರು ಬಿದ್ದಿದ್ದರೂ ಹೀಗೆ ಆಗಬಹುದು, ಅದಕ್ಕೆ ಎರಡನ್ನೂ ನೋಡಬೇಕು.

ಅಕ್ಕಾವ್ರೆ, ಏಜೆನ್ಸಿಗೆ ಫೋನ್ ಮಾಡಿ "ಓ-ರಿಂಗ್ ಸೋರುತ್ತಿದೆ" ಅಂತಲೇ ಹೇಳಿ, ಬೇಗ ಬರುತ್ತಾರೆ. ಸಿಲಿಂಡರ್ ತರುವ ಹುಡುಗರ ಹತ್ತಿರ ಬಳೆಯೂ ಇರುತ್ತೆ, ಅದನ್ನು ಎತ್ತಿ ತೆಗೆಯುವ ಕೊಕ್ಕೆಯೂ ಇರುತ್ತೆ. ನೀವು ಪಿನ್ನು, ಸೂಜಿ ಹಾಕಿ ಕೆದಕಬೇಡಿ, ನಡುವಿನ ಪಿನ್ ಒತ್ತಿದರೆ ಗ್ಯಾಸ್ ಮುಖಕ್ಕೇ ಬರುತ್ತೆ. ಇನ್ನು ಮೇಲೆ ಸಿಲಿಂಡರ್ ಇಳಿಸಿದ ತಕ್ಷಣ ಹುಡುಗನ ಎದುರೇ ಮುಚ್ಚಳ ತೆಗೆಸಿ ಬಳೆ ಇದೆಯಾ ನೋಡಿ. ಬಾಯಿಗೆ ನಾಲ್ಕು ಹನಿ ನೀರು ಹಾಕಿದರೆ ಪಿನ್ ಸೋರುತ್ತಿದೆಯಾ ಅಂತಲೂ ಗುಳ್ಳೆಯಲ್ಲಿ ಗೊತ್ತಾಗುತ್ತೆ.

ಈಗ ಹೇಗೂ ರೆಗ್ಯುಲೇಟರ್ ತೆಗೆದಿದ್ದೀರಿ. ಒಂದು ಕೆಲಸ ಮಾಡಿ. ಫರಸಿ ತೂತಿನೊಳಗಿರುವ ಪೈಪನ್ನು ಸ್ವಲ್ಪ ಮೇಲಕ್ಕೆ ಎಳೆದು, ಒಳಗಿದ್ದ ಭಾಗ ಹೇಗಿದೆ ನೋಡಿ. ಒಲೆ ಹತ್ತಿರದ ತುದಿಯನ್ನು ಬೆರಳಲ್ಲಿ ಬಗ್ಗಿಸಿ ನೋಡಿ.

ಜೇವರ್ಗಿ ಕ್ರಾಸ್ ಮನೆ
ಅಯ್ಯೋ ಅಣ್ಣಾವ್ರೆ. ತೂತಿನ ಅಂಚಿಗೆ ತಾಗುವ ಕಡೆ ಕಿತ್ತಳೆ ರಬ್ಬರ್ ತೇದು ಹೋಗಿದೆ. ಒಂದು ಕಡೆ ಒಳಗಿನ ತಂತಿ ಹೊಳೆಯುತ್ತಿದೆ. ಒಲೆ ಕಡೆಯ ತುದಿ ಕಟ್ಟಿಗೆಯಂತೆ ಬಿರುಸಾಗಿದೆ. ಬಗ್ಗಿಸಿದರೆ ಸಣ್ಣ ಬಿರುಕುಗಳು ಬಾಯಿ ಬಿಡುತ್ತವೆ. ಕಣ್ಣಿಗೆ ಕಾಣುವ ನಡುವಿನ ಭಾಗ ಮಾತ್ರ ಹೊಸದರ ಹಾಗೆ ಇದೆ, ತಾರೀಖು ಇರೋದೂ ಅಲ್ಲೇ.

ಗ್ಯಾಸ್ ರಿಪೇರಿ ಶಹಾಪುರ
ಇದೇ ಅನುಮಾನ ಇತ್ತು. ಈ ಪೈಪನ್ನು ಮತ್ತೆ ಹಾಕಬೇಡಿ. ಇವತ್ತು ಅದರಲ್ಲಿ ಗುಳ್ಳೆ ಬರಲಿಲ್ಲ ಅಂದರೆ ಒಳಗಿನ ರಬ್ಬರ್ ಪದರ ಇನ್ನೂ ಹಿಡಿದಿದೆ ಅಷ್ಟೇ. ಹೊರಗಿನ ಪದರ ಹೋಗಿ ತಂತಿ ಕಂಡಿತು ಅಂದರೆ ತಂತಿಗೆ ತುಕ್ಕು ಹಿಡಿಯುತ್ತೆ, ತುಂಡಾದ ತಂತಿಯ ಮೊನೆ ಒಳಪದರಕ್ಕೇ ಚುಚ್ಚುತ್ತೆ.

ಐದು ವರ್ಷ ಅನ್ನೋದು ಪೈಪಿನ ಮೇಲ್ಮಿತಿ. ಅದಕ್ಕಿಂತ ಜಾಸ್ತಿ ಇಡಬಾರದು ಅಂತ ಅರ್ಥವೇ ಹೊರತು ಅಷ್ಟು ದಿನ ಬಂದೇ ಬರುತ್ತೆ ಅಂತಲ್ಲ. ಪೈಪ್ ಎಲ್ಲಿ ಬಿಸಿ ತಿನ್ನುತ್ತೆ, ಎಲ್ಲಿ ಬಾಗುತ್ತೆ, ಎಲ್ಲಿ ಉಜ್ಜುತ್ತೆ, ಅಲ್ಲಿ ಮೊದಲು ಸಾಯುತ್ತೆ. ನಮ್ಮ ಕಡೆ ದಿನಾ ಜೋಳದ ರೊಟ್ಟಿ. ದೊಡ್ಡ ಹಂಚು, ಜೋರು ಉರಿ, ಎರಡು ಹೊತ್ತು. ಹಂಚಿನ ಅಂಚಿನಿಂದ ಇಳಿಯುವ ಕಾವು ಒಲೆಯ ಹಿಂದಿರುವ ಪೈಪಿಗೆ ಬಡಿಯುತ್ತೆ. ಅದರ ಮೇಲೆ ಒಗ್ಗರಣೆಯ ಎಣ್ಣೆ. ರಬ್ಬರಿನಲ್ಲಿರುವ ಮೆತ್ತನೆ ಗುಣ ಹೋಗಿ ಬಿರುಸಾಗುತ್ತೆ. ಅದಕ್ಕೇ ನಾನು ಯಾರ ಮನೆಗೆ ಹೋದರೂ ತಾರೀಖು ಓದಿ ಸುಮ್ಮನಾಗಲ್ಲ. ಒಲೆ ಕಡೆಯ ಒಂದು ಗೇಣು, ರೆಗ್ಯುಲೇಟರ್ ಕಡೆಯ ಒಂದು ಗೇಣು, ಕಣ್ಣಿಗೆ ಮರೆಯಾದ ಭಾಗ, ಇವನ್ನು ಬಗ್ಗಿಸಿ ನೋಡುತ್ತೇನೆ.

ಸೇಡಂ ಮಾಸ್ತರ್
ನನ್ನದೊಂದು ಸಂಶಯ. ನಮ್ಮ ಮನೆಯ ಪೈಪಿಗೆ ಏಳು ವರ್ಷ ಆಗಿದೆ. ಆದರೆ ಮೆತ್ತಗೇ ಇದೆ, ಬಿರುಕಿಲ್ಲ, ಸೋಪು ಹಚ್ಚಿದರೆ ಗುಳ್ಳೆ ಇಲ್ಲ. ನೀವೇ ಹೇಳಿದಂತೆ ಪೈಪ್ ಇರುವ ಜಾಗ ಮುಖ್ಯ ಅಂದರೆ ನಮ್ಮದು ಇನ್ನೂ ನಡೆಯಬೇಕಲ್ಲ?

ಗ್ಯಾಸ್ ರಿಪೇರಿ ಶಹಾಪುರ
ಇಲ್ಲ ಮಾಸ್ತರ್. ಹೊರಗಿನ ಪದರ ನಿಮಗೆ ಕಾಣುತ್ತೆ. ಒಳಗಿನ ಪದರದ ಮೇಲೆ ವರ್ಷಗಟ್ಟಲೆ ಗ್ಯಾಸೇ ಹರಿದಿದೆ, ಅದು ಹೇಗಿದೆ ಅಂತ ನಾನಾಗಲಿ ನೀವಾಗಲಿ ಹೊರಗಿಂದ ಹೇಳಲು ಆಗಲ್ಲ. ಕೆಟ್ಟ ಗುರುತು ಕಂಡರೆ ತಾರೀಖಿಗೆ ಮೊದಲೇ ತೆಗೆಯಬೇಕು. ಒಳ್ಳೆಯ ಗುರುತು ಕಂಡರೂ ತಾರೀಖು ದಾಟಿಸಬಾರದು.

ಬಿಸಿಲೂರು
ಐದು ವರ್ಷ ಎಣಿಸೋದು ನಾವು ಅಂಗಡಿಯಿಂದ ತಂದ ದಿನದಿಂದ ತಾನೇ? ಬಿಲ್ ಇಟ್ಟುಕೊಂಡಿದ್ದೇನೆ.

ಗ್ಯಾಸ್ ರಿಪೇರಿ ಶಹಾಪುರ
ನಾನು ಪೈಪಿನ ಮೇಲೆ ಅಚ್ಚಾದ ತಿಂಗಳಿನಿಂದಲೇ ಎಣಿಸುತ್ತೇನೆ. ಗೋದಾಮಿನಲ್ಲಿ ನಮ್ಮ ಬಿಸಿಲಲ್ಲಿ ಬಿದ್ದಿದ್ದರೂ ರಬ್ಬರಿಗೆ ವಯಸ್ಸಾಗುತ್ತೆ. ಕೊಳ್ಳುವಾಗಲೇ ತಾರೀಖು ನೋಡಿ ಹೊಸದು ಕೇಳಿ. ಐಎಸ್ 9573 ಅಂತ ಅಚ್ಚಿರಬೇಕು, ಐಎಸ್ಐ ಗುರುತು ಇರಬೇಕು. ಅಚ್ಚೇ ಅಳಿಸಿ ಹೋಗಿದ್ದರೆ ಆ ಪೈಪಿಗೆ ವಯಸ್ಸು ಮುಗಿದಿದೆ ಅಂತಲೇ ತಿಳಿಯಿರಿ.

ಜೇವರ್ಗಿ ಕ್ರಾಸ್ ಮನೆ
ಇವತ್ತು ಬೆಳಿಗ್ಗೆ ಏಜೆನ್ಸಿಯ ಹುಡುಗ ಬಂದ. ಬಳೆ ತೆಗೆದು ತೋರಿಸಿದ, ಒಂದು ಕಡೆ ಸೀಳಿತ್ತು. ಹೊಸದು ಹಾಕಿದ. ರೆಗ್ಯುಲೇಟರ್ ಮೂತಿ ಮೇಲೆ ಗೀರಿಲ್ಲ ಅಂದ. ನೊರೆ ಹಚ್ಚಿ ನೋಡಿದೆವು, ಒಂದು ಗುಳ್ಳೆಯೂ ಇಲ್ಲ. ಈಗ ಮಾಲಕರು "ವಾಸನೆ ನಿಂತಿತಲ್ಲ, ಪೈಪ್ ಯಾಕೆ ಬದಲಿಸಬೇಕು" ಅಂತಿದ್ದಾರೆ. ನಾನು ನನ್ನ ದುಡ್ಡಿನಲ್ಲೇ ಏಜೆನ್ಸಿಯಿಂದ ಹೊಸ ಪೈಪ್ ತರಿಸಿದ್ದೇನೆ. ಹಾಕಿಸಿಯೂ ಆಯಿತು. ಹಳೆಯದನ್ನು ತುಂಡು ಮಾಡಿ ಎಸೆದೆ, ಬೇರೆ ಯಾರೂ ಎತ್ತಿಕೊಂಡು ಹಾಕಿಕೊಳ್ಳಬಾರದು ಅಂತ.

ಆಮೇಲೆ ಒಲೆ ಉರಿಯುವಾಗ ರೆಗ್ಯುಲೇಟರ್ ಬಂದ್ ಮಾಡಿ ನೋಡಿದೆ. ಐದಾರು ಸೆಕೆಂಡಿನಲ್ಲಿ ಆರಿತು. 2009ರ ರೆಗ್ಯುಲೇಟರ್ ಇಟ್ಟುಕೊಳ್ಳಬಹುದಾ?

ಬಿಸಿಲೂರು
ಪೈಪಿನ ರಬ್ಬರ್ ಐದು ವರ್ಷಕ್ಕೆ ಕೆಡುತ್ತೆ ಅಂದರೆ ರೆಗ್ಯುಲೇಟರ್ ಒಳಗಿನ ಪರದೆಯೂ ರಬ್ಬರ್ರೇ ಅಲ್ವಾ? ಅದಕ್ಕೆ ಮಾತ್ರ ವಯಸ್ಸಿಲ್ಲವಾ? ನಾನಂತೂ ಬದಲಿಸಿ ಅಂತಲೇ ಹೇಳುತ್ತೇನೆ.

ಗ್ಯಾಸ್ ರಿಪೇರಿ ಶಹಾಪುರ
ನಿನ್ನ ಈ ಮಾತು ತೆಗೆದುಹಾಕುವಂಥದ್ದಲ್ಲ ತಮ್ಮಾ. ಪರದೆ ಒಲೆಯ ಬಿಸಿಯಿಂದ ದೂರ ಇರುತ್ತೆ, ಬಾಗಿಸಿ ತಿರುಚೋದೂ ಇಲ್ಲ, ಹಾಗಾಗಿ ಜಾಸ್ತಿ ಬಾಳುತ್ತೆ. ನಾನು ರೆಗ್ಯುಲೇಟರನ್ನು ಅದರ ನಡವಳಿಕೆ ನೋಡಿ ತೆಗೆಸುತ್ತೇನೆ, ವರ್ಷ ನೋಡಿ ಅಲ್ಲ. ಆದರೆ ಇಷ್ಟು ಹಳೆಯದಾದರೆ ನನ್ನ ಜೊತೆ ಕೆಲಸ ಮಾಡುವವರಲ್ಲೇ ಕೆಲವರು ಬದಲಿಸಿಬಿಡಿ ಅನ್ನುತ್ತಾರೆ. ಅಕ್ಕಾವ್ರೆ, ಕನೆಕ್ಷನ್ ಪುಸ್ತಕ ತೆಗೆದುಕೊಂಡು ಏಜೆನ್ಸಿಗೆ ಹೋಗಿ ತೋರಿಸಿ, ಅವರ ಮಾತು ಕೇಳಿ. ಬದಲಿಸುವುದಾದರೆ ಅಲ್ಲೇ ಬದಲಿಸಿ. ರೆಗ್ಯುಲೇಟರ್ ಕನೆಕ್ಷನ್ ಜೊತೆ ಡಿಪಾಜಿಟ್ ಮೇಲೆ ಕೊಡುವ ವಸ್ತು. ಬಜಾರದಲ್ಲಿ ಸಿಗೋದಕ್ಕೆ ಯಾರೂ ಜವಾಬ್ದಾರರಲ್ಲ. ಐದು ವರ್ಷಕ್ಕೊಮ್ಮೆ ಏಜೆನ್ಸಿಯವರು ಮನೆಗೆ ಬಂದು ಕನೆಕ್ಷನ್ ತಪಾಸಣೆ ಮಾಡಬೇಕು ಅಂತಲೂ ಇದೆ, ನಿಮ್ಮ ಅತ್ತೆಯವರ ಹೆಸರಿನಲ್ಲಿ ಯಾವಾಗ ಆಗಿದೆ ಅಂತ ಅದೇ ಹೊತ್ತಿಗೆ ಕೇಳಿ.

ಬೀದರ್ ರಫೀಕ್
ಹೊಸ ಪೈಪಿಗೆ ಎರಡೂ ಕಡೆ ಸ್ಕ್ರೂ ಕ್ಲಿಪ್ ಹಾಕಿ ಬಿಗಿ ಮಾಡಿಸಿ ಅಕ್ಕಾ. ನಮ್ಮಲ್ಲಿ ಎಲ್ಲರೂ ಹಾಕುತ್ತಾರೆ.

ಗ್ಯಾಸ್ ರಿಪೇರಿ ಶಹಾಪುರ
ನನಗೆ ಕ್ಲಿಪ್ ಅಷ್ಟು ಹಿಡಿಸಲ್ಲ ಭಾಯ್. ಸರಿಯಾದ ಅಳತೆಯ ಪೈಪ್ ಮೂತಿಯ ಉಬ್ಬುಗಳನ್ನು ದಾಟಿ ಪೂರ್ತಿ ಒಳಗೆ ಹೋದರೆ ತಾನೇ ಬಿಗಿಯಾಗಿ ಕೂರುತ್ತೆ. ಸಡಿಲ ಇದ್ದರೆ ಪೈಪೇ ತಪ್ಪು. ಕ್ಲಿಪ್ ಜಾಸ್ತಿ ಬಿಗಿದರೆ ರಬ್ಬರ್ ಕತ್ತರಿಸುತ್ತೆ.

ಬೀದರ್ ರಫೀಕ್
ಜಾರಿ ಬರೋದಕ್ಕಿಂತ ಕ್ಲಿಪ್ ಇರೋದು ಒಳ್ಳೇದು ಅಂತ ನನ್ನ ಲೆಕ್ಕ. ಮಕ್ಕಳಿರುವ ಮನೆ, ಯಾರಾದರೂ ಎಳೆದರೆ?

ಜೇವರ್ಗಿ ಕ್ರಾಸ್ ಮನೆ
ಹುಡುಗ ಕ್ಲಿಪ್ ಹಾಕಿಲ್ಲ, ಪೂರ್ತಿ ಒಳಗೆ ತುರುಕಿದ್ದಾನೆ. ನಾನು ಎಳೆದು ನೋಡಿದೆ, ಬರಲಿಲ್ಲ. ಆ ಫರಸಿ ತೂತಿಗೆ ಏನು ಮಾಡಲಿ? ಹೊಸ ಪೈಪೂ ಅಲ್ಲೇ ಉಜ್ಜುತ್ತೆ ಅಲ್ವಾ?

ಗ್ಯಾಸ್ ರಿಪೇರಿ ಶಹಾಪುರ
ಆ ತೂತನ್ನು ಬಿಟ್ಟುಬಿಡಿ. ಸಿಲಿಂಡರನ್ನು ಕಪಾಟಿನಿಂದ ಹೊರಗೆ ತಂದು ಕಟ್ಟೆಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ, ಪೈಪ್ ಕಟ್ಟೆಯ ಮುಂಬದಿಯಿಂದ ಕಣ್ಣೆದುರೇ ಬರಲಿ. ಒಂದೂವರೆ ಮೀಟರ್ ಸಾಕಾಗುತ್ತೆ, ಅದಕ್ಕಿಂತ ಉದ್ದ ಬೇಡ. ಒಲೆಯ ಕೆಳಗಾಗಲಿ ಹಿಂದಾಗಲಿ ಹಾಯಬಾರದು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿದು ಕಪಾಟಿನೊಳಗೇ ತುಂಬಿಕೊಳ್ಳುತ್ತೆ. ಹೊರಗೆ ಇಡಲು ಜಾಗವೇ ಇಲ್ಲ ಅಂದರೆ ಕಪಾಟಿನ ಬಾಗಿಲನ್ನಾದರೂ ಕೀಲಿನಿಂದ ಬಿಚ್ಚಿಸಿ, ನೆಲದ ಮಟ್ಟದಲ್ಲಿ ಗಾಳಿ ಆಡಲಿ. ತೂತಿನ ಅಂಚನ್ನು ಕಲ್ಲು ಕೆಲಸದವರಿಂದ ತೇಯಿಸಿ ನುಣುಪು ಮಾಡಿಸಬಹುದು, ಆದರೆ ಅದರೊಳಗಿನ ಪೈಪನ್ನು ಪ್ರತಿ ಸಿಲಿಂಡರ್ ಬದಲಿಸುವಾಗ ಎಳೆದು ನೋಡಲೇಬೇಕಾಗುತ್ತೆ.

ಜೇವರ್ಗಿ ಕ್ರಾಸ್ ಮನೆ
ಹೊರಗೇ ಇಡುತ್ತೇನೆ. ಬಾಗಿಲ ಪಕ್ಕ ಜಾಗ ಇದೆ, ಫ್ರಿಜ್ ಮಾತ್ರ ಆ ಕಡೆಯಿಂದ ಸರಿಸಬೇಕು.

ಗ್ಯಾಸ್ ರಿಪೇರಿ ಶಹಾಪುರ
ಸರಿಸಿ. ಫ್ರಿಜ್ ತಾನಾಗಿಯೇ ಚಾಲೂ ಆಗಿ ಬಂದ್ ಆಗುತ್ತಿರುತ್ತೆ, ಪ್ರತಿ ಸಲ ಒಳಗೆ ಕಿಡಿ ಬರಬಹುದು. ಅದನ್ನು ಸಿಲಿಂಡರ್ ಪಕ್ಕಕ್ಕೆ ಇಡಬೇಡಿ. ಜಾಗ ಬದಲಿಸಿದ ಮೇಲೆ ಎಲ್ಲ ಕೂಡುವ ಕಡೆ ಇನ್ನೊಮ್ಮೆ ನೊರೆ ಹಚ್ಚಿ ನೋಡಿ, ಎತ್ತಿಡುವಾಗ ಪೈಪ್ ಜಗ್ಗಿರುತ್ತೆ.